‘ಆಗ ಎಲ್ಲಾ ಫ್ರೀ ಇತ್ತು’ ಅನ್ನೋರಿಗೆ ಒಂದು ಲೆಕ್ಕ

1/8

ಕಳೆದ ವಾರ ನಮ್ಮ ಕ್ಲಾಸ್ ಗ್ರೂಪಿಗೆ ಒಂದು ರೀಲ್ ಬಂತು. ಆಲದ ಮರ, ಕೆಳಗೆ ಗಡ್ಡದ ಗುರುಗಳು, ಸುತ್ತ ಮಕ್ಕಳು, ಹಿಂದೆ ಕೊಳಲು. ಮೇಲೆ ಮೂರೇ ಮಾತು: ‘ಫೀಸ್ ಇರಲಿಲ್ಲ. ಎಲ್ಲರಿಗೂ ಪ್ರವೇಶ ಇತ್ತು. ಯಾರು ಏನು ಬೇಕಾದರೂ ಪ್ರಶ್ನೆ ಕೇಳಬಹುದಿತ್ತು.’ ಇಪ್ಪತ್ತು ಜನ ಹಾರ್ಟ್ ಒತ್ತಿದ್ರು. ನಾನು ಒತ್ತಲಿಲ್ಲ, ಅದಕ್ಕೆ ‘ನಿಂಗೆ ನಮ್ಮ ಸಂಸ್ಕೃತಿ ಅಂದ್ರೆ ಅಲರ್ಜಿ’ ಅಂತ ಒಬ್ಬ ಬರೆದ. ಆಮೇಲೆ ಇನ್ನೊಬ್ಬ ಬಂದು ‘ಆಗ ಇದ್ದಿದ್ದೇ ಬಾಯಿಪಾಠ, ಅದರಲ್ಲಿ ಕಲಿಯೋಕೆ ಏನೂ ಇಲ್ಲ’ ಅಂದ. ಅದೂ ಸುಳ್ಳೇ.

ಗುರೂ, ನಾವು ಓದ್ತಿರೋದು ಬಿಕಾಂ. ಯಾರಾದ್ರೂ ‘ಫ್ರೀ’ ಅಂದ ತಕ್ಷಣ ನಾವು ಕೇಳಬೇಕಾದ ಪ್ರಶ್ನೆ ಒಂದೇ: ದುಡ್ಡು ಯಾರ ಜೇಬಿಂದ ಹೋಯ್ತು? ಕರ್ನಾಟಕದ ಹಳೇ ವಿದ್ಯಾಕೇಂದ್ರಗಳ ವಿಷಯದಲ್ಲಿ ಊಹೆ ಮಾಡೋ ಕೆಲಸವೇ ಇಲ್ಲ. ಲೆಕ್ಕವನ್ನ ಅವರೇ ಕಲ್ಲಲ್ಲಿ ಕೆತ್ತಿಟ್ಟಿದ್ದಾರೆ. ಮುಂದಿನ ಪೋಸ್ಟ್‌ಗಳಲ್ಲಿ ಅದನ್ನೇ ಓದೋಣ.

2/8

ಮೊದಲು ಸಾಲೋಟಗಿ. ವಿಜಯಪುರ ಜಿಲ್ಲೆ ಇಂಡಿ ಪಕ್ಕದ ಊರು. ಆಗಿನ ಹೆಸರು ಪಾವಿಟ್ಟಗೆ, ಅದೊಂದು ಅಗ್ರಹಾರ. ಕ್ರಿ.ಶ. 945ರಲ್ಲಿ, ರಾಷ್ಟ್ರಕೂಟರ ಮೂರನೇ ಕೃಷ್ಣನ ಕಾಲದಲ್ಲಿ, ಅವನ ಮಂತ್ರಿ ನಾರಾಯಣ ಅನ್ನೋನು ಅಲ್ಲಿನ ತ್ರೈಪುರುಷ ದೇವಸ್ಥಾನದಲ್ಲಿ ಒಂದು ಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡುಗಳಿಂದ ಹುಡುಗರು ಓದೋಕೆ ಬಂದಿದ್ರು, ಅವರಿಗೆ ಇರೋಕೆ ಜಾಗ ಬೇಕಿತ್ತು. ಅಂದ್ರೆ ಹಾಸ್ಟೆಲ್ ಸಮಸ್ಯೆ ಆಗಲೂ ಇತ್ತು.

ಅದಕ್ಕೆ ಊರಿನವರು ಕೊಟ್ಟಿದ್ದನ್ನ ನೋಡಿ. ಶಾಲೆಗೆ 500 ನಿವರ್ತನ ಭೂಮಿ. ಹುಡುಗರು ಇರೋಕೆ 27 ಮನೆ. ದೀಪದ ಖರ್ಚಿಗೆ 12 ನಿವರ್ತನ. ಪಾಠ ಹೇಳೋ ಗುರುವಿಗೆ 50 ನಿವರ್ತನ, ಜೊತೆಗೆ ಒಂದು ಮನೆ. (ನಿವರ್ತನ ಅನ್ನೋದು ಆಗಿನ ನೆಲದ ಅಳತೆ. ಊರಿಂದೂರಿಗೆ ಬದಲಾಗ್ತಿತ್ತು, ಹಾಗಾಗಿ ಎಕರೆಗೆ ಪರಿವರ್ತಿಸೋಕೆ ಹೋಗಬೇಡಿ. ಒಂದಕ್ಕೊಂದು ಹೋಲಿಸಿ ನೋಡಿದ್ರೆ ಸಾಕು.) ಗುರುವಿಗೆ 50, ದೀಪಕ್ಕೆ 12. ಅಂದ್ರೆ ಮೇಷ್ಟ್ರ ಸಂಬಳದ ಕಾಲು ಭಾಗದಷ್ಟು ಎಣ್ಣೆಗೇ ಹೋಗ್ತಿತ್ತು. ಕರೆಂಟ್ ಬಿಲ್ ಅಂದ್ಕೊಳ್ಳಿ.

ನಂಗೆ ತುಂಬಾ ಹಿಡಿಸಿದ್ದು ಇನ್ನೊಂದು ಸಾಲು. ಅಗ್ರಹಾರದಲ್ಲಿ ಯಾರ ಮನೆಯಲ್ಲಾದರೂ ಮದುವೆ ಆದ್ರೆ ಶಾಲೆಗೆ 5 ನಾಣ್ಯ ಕೊಡಬೇಕು. ಉಪನಯನ ಆದ್ರೆ ಎರಡೂವರೆ. ಮಗುವಿಗೆ ಚೌಲ ಮಾಡಿಸಿದ್ರೆ ಅದಕ್ಕಿಂತ ಕಡಿಮೆ. ಯಾವುದೋ ಕಾರಣಕ್ಕೆ ಊಟ ಹಾಕಿಸಿದ್ರೆ ಶಾಲೆ ಹುಡುಗರನ್ನೂ ಕರೆದು ಕೂರಿಸಬೇಕು. ಇದು ಭಕ್ತಿಯಿಂದ ಮನಸ್ಸಿಗೆ ಬಂದಷ್ಟು ಹಾಕೋ ಹುಂಡಿ ಅಲ್ಲ. ದರ ನಿಗದಿ ಮಾಡಿ ಶಾಸನದಲ್ಲಿ ಬರೆಸಿದ ಸೆಸ್.

ಹುಡುಗರ ಕೈಯಿಂದ ಫೀಸ್ ತಗೊಳ್ಳಲಿಲ್ಲ, ಸರಿ. ಆದರೆ ಒಂದಿಡೀ ಊರು ಕಟ್ಟಿತ್ತು.

3/8

ಈಗ ಎರಡನೇ ಸುಳ್ಳಿಗೆ ಬರ್ತೀನಿ, ‘ಎಲ್ಲರಿಗೂ ಪ್ರವೇಶ’.

ದೇವಸ್ಥಾನಕ್ಕೋ ಘಟಿಕಾಸ್ಥಾನಕ್ಕೋ ದಾನ ಕೊಟ್ಟ ಭೂಮಿ ತಾನಾಗೇ ಅಕ್ಕಿ ಜೋಳ ಬೆಳೆಯಲ್ಲ. ಅದನ್ನ ಉಳೋರು ಇದ್ರು. ಬೆಳೆದದ್ದರಲ್ಲಿ ಪಾಲು ಗುರುವಿಗೆ, ದೀಪಕ್ಕೆ, ಹುಡುಗರ ಊಟಕ್ಕೆ ಹೋಗ್ತಿತ್ತು. ಆ ಉಳೋನ ಮಗ ಒಳಗೆ ಕೂತು ವೇದ ಕಲಿಯೋ ಹಾಗಿರಲಿಲ್ಲ. ವೇದಾಧ್ಯಯನ ಅಂದ್ರೆ ಉಪನಯನ ಆದ ಹುಡುಗರಿಗೆ, ಅದರಲ್ಲೂ ಅಗ್ರಹಾರದಲ್ಲಿ ಬ್ರಾಹ್ಮಣರ ಹುಡುಗರಿಗೆ. ನಮ್ಮ ಕ್ಲಾಸಲ್ಲಿ ಆ ರೀಲಿಗೆ ಹಾರ್ಟ್ ಒತ್ತಿದ ಇಪ್ಪತ್ತು ಜನರಲ್ಲಿ ಹುಡುಗಿಯರು ಒಂಬತ್ತು. ಅಕ್ಕತಂಗಿಯರೇ, ಆ ಆಲದ ಮರದ ಕೆಳಗೆ ನಿಮಗೆ ಚಾಪೆ ಹಾಸಿರಲಿಲ್ಲ.

‘ಮಿಕ್ಕವರು ದಡ್ಡರಾಗಿದ್ರಾ ಹಾಗಾದ್ರೆ?’ ಅಂತ ಕೇಳಿದ್ರೆ, ಖಂಡಿತ ಇಲ್ಲ. ಅವರ ಕಾಲೇಜು ಬೇರೆ ಇತ್ತು. ಬೇಲೂರಿನ ದೇವಸ್ಥಾನದಲ್ಲಿ ಶಿಲ್ಪಿಗಳು ತಮ್ಮ ಹೆಸರು ಕೆತ್ತಿದ್ದಾರೆ. ಅವರಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇದ್ದಾರೆ. ಅಪ್ಪನ ಪಕ್ಕ ಕೂತು ಉಳಿ ಹಿಡಿದು ಕಲಿಯೋದೇ ಕೋರ್ಸು. ಹೆಸರಿನ ಜೊತೆ ಎದುರಾಳಿ ಶಿಲ್ಪಿಗಳಿಗೆ ಸಿಡಿಲು ಅನ್ನೋ ಥರದ ಬಿರುದನ್ನೂ ಹಾಕ್ಕೊಂಡಿದ್ದಾರೆ. ಆದ್ರೆ ಆ ಕಲಿಕೆಗೆ ಯಾರೂ 500 ನಿವರ್ತನ ಕೊಡಲಿಲ್ಲ. ಜ್ಞಾನ ಎರಡು ಕಡೆ ಇತ್ತು, ಹಾಸ್ಟೆಲ್ ಮತ್ತು ಸ್ಕಾಲರ್‌ಶಿಪ್ ಒಂದೇ ಕಡೆ.

ನನ್ನ ತಕರಾರು ಇಷ್ಟೇ. ನಮ್ಮ ಅಜ್ಜಿಯ ಅಜ್ಜಿಗೆ ಸಿಗದೇ ಇದ್ದದ್ದನ್ನ ‘ಎಲ್ಲರಿಗೂ ಇತ್ತು’ ಅಂದ್ರೆ, ಅದನ್ನ ನಮಗೆ ಸಿಗೋ ಹಾಗೆ ಮಾಡೋಕೆ ಆಮೇಲೆ ಒದ್ದಾಡಿದ ಅಷ್ಟೂ ಜನರನ್ನ ಲೆಕ್ಕದಿಂದ ಅಳಿಸಿದ ಹಾಗೆ.

4/8

ಈಗ ‘ಬಾಯಿಪಾಠ ಬಿಟ್ಟು ಏನೂ ಇರಲಿಲ್ಲ’ ಅಂದ ಮಹಾನುಭಾವನಿಗೆ.

ಕಲಬುರಗಿ ಜಿಲ್ಲೆ ಚಿತ್ತಾಪುರದ ಹತ್ತಿರ ನಾಗಾವಿ ಇದೆ. ಎಲ್ಲಮ್ಮನ ಜಾತ್ರೆಗೆ ಹೋದವರಿಗೆ ಗೊತ್ತಿರುತ್ತೆ. ಅಲ್ಲೇ ಅರವತ್ತು ಕಂಬದ ಗುಡಿ ಇದೆ. 1058ರಲ್ಲಿ, ಕಲ್ಯಾಣ ಚಾಲುಕ್ಯರ ಒಂದನೇ ಸೋಮೇಶ್ವರನ ಕಾಲದಲ್ಲಿ, ಮಧುಸೂದನ ಅನ್ನೋ ದಂಡನಾಯಕ ಅಲ್ಲೊಂದು ಘಟಿಕಾಸ್ಥಾನ ನಡೆಯೋಕೆ ವ್ಯವಸ್ಥೆ ಮಾಡಿದ. ಶಾಸನದ ಪ್ರಕಾರ ವೇದ ಓದೋರು 200, ಶಾಸ್ತ್ರ ಓದೋರು 52. ವೇದಕ್ಕೆ ಮೂವರು ಗುರುಗಳು, ಶಾಸ್ತ್ರಕ್ಕೆ ಮೂವರು.

ಕ್ಯಾಲ್ಕುಲೇಟರ್ ತೆಗೀರಿ. ವೇದದಲ್ಲಿ ಒಬ್ಬ ಗುರುವಿಗೆ ಸುಮಾರು 67 ಹುಡುಗರು. ಶಾಸ್ತ್ರದಲ್ಲಿ 17. ಒಂದೇ ಕ್ಯಾಂಪಸ್, ನಾಲ್ಕು ಪಟ್ಟು ವ್ಯತ್ಯಾಸ. ಯಾಕೆ? ಪಾಠದ ಕ್ರಮವೇ ಬೇರೆ. ವೇದವನ್ನ ಸ್ವರ ತಪ್ಪದೆ ಗಂಟಲಲ್ಲಿ ಕೂರಿಸಬೇಕು. ಗುರು ಹೇಳ್ತಾರೆ, ಹುಡುಗರು ಒಟ್ಟಿಗೆ ಹೇಳ್ತಾರೆ, ಮತ್ತೆ ಮತ್ತೆ. ಅರವತ್ತು ಜನ ಇದ್ರೂ ನಡೆಯುತ್ತೆ. ಶಾಸ್ತ್ರ ಹಾಗಲ್ಲ. ಅಲ್ಲಿ ಹುಡುಗ ಎದುರು ವಾದಿಸಬೇಕು, ಗುರು ಅವನ ತಪ್ಪನ್ನ ಅಲ್ಲೇ ಹಿಡಿಯಬೇಕು. ಅರವತ್ತು ಜನರ ಜೊತೆ ಅದು ಆಗದ ಮಾತು. ನಮ್ಮ ಕ್ಲಾಸಲ್ಲಿ ನಾವು 78 ಜನ ಇದ್ದೀವಿ, ಅಕೌಂಟೆನ್ಸಿಯ ಡೌಟ್ ಕೇಳೋ ಸರದಿ ನಂಗೆ ಈ ಸೆಮಿಸ್ಟರ್‌ನಲ್ಲಿ ಎರಡು ಸಲ ಬಂದಿದೆ.

ಇದೇ ಶಾಸನದಲ್ಲಿ ಆರು ಜನ ‘ಸರಸ್ವತೀ ಭಂಡಾರಿಗರು’ ಇದ್ದಾರೆ. ಸರಸ್ವತೀ ಭಂಡಾರ ಅಂದ್ರೆ ಪುಸ್ತಕ ಭಂಡಾರ. ಲೈಬ್ರರಿಯನ್‌ಗಳು, ಆರು ಜನ! ಗುರುಗಳು ಆರು, ಲೈಬ್ರರಿಯನ್‌ಗಳೂ ಆರು. 252 ಹುಡುಗರಿಗೆ ಆರು, ಅಂದ್ರೆ 42 ಜನಕ್ಕೆ ಒಬ್ಬರು. ಪುಸ್ತಕ ಅಂದ್ರೆ ತಾಳೆಗರಿ. ಅದಕ್ಕೆ ಹುಳ ಹಿಡಿಯುತ್ತೆ, ತೇವ ತಗಲುತ್ತೆ, ಗರಿ ಒಡೆಯುತ್ತೆ. ಹಳೆಯದು ಹಾಳಾಗೋಕೆ ಮುಂಚೆ ಹೊಸ ಗರಿಗೆ ನಕಲು ಮಾಡಲೇಬೇಕು. ಹಾಗಾಗಿ ಆರು ಜನ ಸುಮ್ಮನೆ ಇಟ್ಟದ್ದಲ್ಲ. ಬರೀ ಬಾಯಿಪಾಠದ ಜಾಗಕ್ಕೆ ಆರು ಜನ ಪುಸ್ತಕ ನೋಡಿಕೊಳ್ಳೋರು ಯಾಕೆ ಬೇಕು ಹೇಳಿ?

5/8

ಈ ಪೋಸ್ಟ್ ಸ್ವಲ್ಪ ಉದ್ದ. ಆದ್ರೆ ನಾನು ಈ ಸೀರೀಸ್ ಬರೆಯೋಕೆ ಕೂತಿದ್ದೇ ಇದಕ್ಕೋಸ್ಕರ.

ನಾಗಾವಿಯ ಮೂವರು ಶಾಸ್ತ್ರ ಗುರುಗಳು ಕಲಿಸ್ತಿದ್ದದ್ದು ಏನು? ಒಬ್ಬರು ಭಾಟ್ಟ ದರ್ಶನ, ಒಬ್ಬರು ಪ್ರಾಭಾಕರ, ಒಬ್ಬರು ನ್ಯಾಸ. ನ್ಯಾಸ ಅನ್ನೋದು ಪಾಣಿನಿ ವ್ಯಾಕರಣದ ವೃತ್ತಿಯೊಂದರ ಮೇಲೆ ಜಿನೇಂದ್ರಬುದ್ಧಿ ಬರೆದ ವ್ಯಾಖ್ಯಾನ. ಅವನು ಬೌದ್ಧ. ವೇದ ಓದೋ ಜಾಗದಲ್ಲಿ ಬೌದ್ಧನ ವ್ಯಾಕರಣ, ಯಾಕಂದ್ರೆ ಪುಸ್ತಕ ಚೆನ್ನಾಗಿತ್ತು.

ಇನ್ನೆರಡು ಇನ್ನೂ ಮಜಾ. ಭಾಟ್ಟರೂ ಪ್ರಾಭಾಕರರೂ ಇಬ್ಬರೂ ಮೀಮಾಂಸಕರೇ, ಆದ್ರೆ ಒಬ್ಬರ ಕಂಡ್ರೆ ಒಬ್ಬರಿಗೆ ಆಗಲ್ಲ. ಆ ದಂಡನಾಯಕ ಒಂದೇ ಜಗಳದ ಎರಡೂ ಕಡೆಗೆ ಸಂಬಳ ಕೊಟ್ಟ.

ಆ ಜಗಳಗಳಲ್ಲಿ ಒಂದನ್ನ ನೋಡೋಣ. ಮಗು ಮಾತು ಹೇಗೆ ಕಲಿಯುತ್ತೆ? ಅಜ್ಜ ಯಾರಿಗೋ ‘ಹಸು ತಗೊಂಡ್ ಬಾ’ ಅಂತಾರೆ. ಅವನು ಹೋಗಿ ಹಸು ಹಿಡ್ಕೊಂಡ್ ಬರ್ತಾನೆ. ಮಗು ಮೂಲೆಯಲ್ಲಿ ಕೂತು ನೋಡುತ್ತೆ. ಆಮೇಲೆ ‘ಹಸು ಕಟ್ಟು’ ಅಂತಾರೆ. ಇನ್ನೊಂದು ದಿನ ‘ಕುದುರೆ ತಗೊಂಡ್ ಬಾ’. ಯಾವ ಮಾತು ಬದಲಾದ್ರೆ ಯಾವ ಕೆಲಸ ಬದಲಾಗುತ್ತೆ ಅಂತ ನೋಡ್ತಾ ನೋಡ್ತಾ ಮಗುವಿಗೆ ತಿಳಿಯುತ್ತೆ.

ಇಲ್ಲಿವರೆಗೆ ಇಬ್ಬರೂ ಒಪ್ತಾರೆ. ಭಾಟ್ಟ ಹೇಳ್ತಾನೆ: ನೋಡು, ‘ಹಸು’ ಅನ್ನೋದಕ್ಕೆ ಅದರದ್ದೇ ಅರ್ಥ, ‘ಕಟ್ಟು’ ಅನ್ನೋದಕ್ಕೆ ಅದರದ್ದೇ. ಮೊದಲು ಬಿಡಿ ಅರ್ಥ ತಿಳಿಯುತ್ತೆ, ಆಮೇಲೆ ಅವು ಸೇರಿ ವಾಕ್ಯದ ಅರ್ಥ ಆಗುತ್ತೆ. ಪ್ರಾಭಾಕರ ಒಪ್ಪಲ್ಲ: ಮಗು ಯಾವತ್ತಾದ್ರೂ ‘ಹಸು’ ಅನ್ನೋದನ್ನ ಒಂಟಿಯಾಗಿ ಕೇಳಿದೆಯಾ? ತರಬೇಕಾದ ಹಸು, ಕಟ್ಟಬೇಕಾದ ಹಸು, ಹೀಗೇ ಅಲ್ವಾ ಕೇಳಿದ್ದು? ಹಾಗಾಗಿ ಮಾತಿಗೆ ಅರ್ಥ ಇರೋದೇ ಇನ್ನೊಂದರ ಜೊತೆ ಹೊಂದಿಕೊಂಡಾಗ. ಬಿಡಿ ಅರ್ಥ ಅನ್ನೋದು ನಿನ್ನ ಕಲ್ಪನೆ.

ಭಾಟ್ಟ ಬಿಡಲ್ಲ: ‘ಹಸು’ ಅಂದಾಗಲೇ ಜೊತೆಯ ಅರ್ಥವೂ ಬಂದುಬಿಡುತ್ತೆ ಅಂದ್ರೆ, ‘ತಗೊಂಡ್ ಬಾ’ ಅಂತ ಹೇಳೋ ಅಗತ್ಯ ಏನು? ಪ್ರಾಭಾಕರ: ‘ಯಾವುದೋ ಒಂದರ ಜೊತೆ ಹೊಂದಿಕೊಂಡ ಹಸು’ ಅಂತ ಮಾತ್ರ ಮೊದಲ ಮಾತು ಹೇಳುತ್ತೆ. ಆ ‘ಯಾವುದೋ’ ಯಾವುದು ಅಂತ ಪಕ್ಕದ ಮಾತು ಗಟ್ಟಿ ಮಾಡುತ್ತೆ.

ಓದ್ತಾ ಓದ್ತಾ ನಾನು ಮೂರು ಸಲ ಪಕ್ಷ ಬದಲಾಯಿಸಿದೆ. ಈಗ ಪ್ರಾಭಾಕರ ಕಡೆ ಇದ್ದೀನಿ, ನಾಳೆ ಗೊತ್ತಿಲ್ಲ.

ಮೀಮಾಂಸೆಯ ಪಾಠ ನಡೆಯೋದೇ ಹೀಗೆ. ವಿಷಯ ಏನು ಅಂತ ಹೇಳಬೇಕು. ಅದರಲ್ಲಿ ಸಂಶಯ ಎಲ್ಲಿದೆ ಅಂತ ತೋರಿಸಬೇಕು. ಆಮೇಲೆ ಪೂರ್ವಪಕ್ಷ, ಅಂದ್ರೆ ನಾವು ಕೊನೆಗೆ ಬೀಳಿಸಬೇಕಾದ ವಾದ. ಅದನ್ನ ಅದರ ಪೂರ್ತಿ ಬಲದ ಜೊತೆ ಮಂಡಿಸಬೇಕು. ಅದು ಮುಗಿದ ಮೇಲೇ ಸಿದ್ಧಾಂತ. ಪೂರ್ವಪಕ್ಷ ಬಡವಾಗಿದ್ರೆ ಸಿದ್ಧಾಂತವೂ ಬಡವೇ, ಯಾಕಂದ್ರೆ ಅದು ಯಾರನ್ನೂ ಗೆದ್ದಿಲ್ಲ.

6/8

ಇದು ಒಳಗಿನ ಪಾಠ. ಹೊರಗೆ ಸಭೆಯಲ್ಲಿ ವಾದಕ್ಕೆ ನಿಂತಾಗ ನ್ಯಾಯಶಾಸ್ತ್ರದ ರೂಲ್ಸ್ ಇತ್ತು. ಮಾತುಕತೆ ಮೂರು ಥರ. ಸತ್ಯ ತಿಳಿಯೋಕೆ ಮಾಡೋದು ವಾದ. ಹೇಗಾದ್ರೂ ಗೆಲ್ಲೋಕೆ ಮಾಡೋದು ಜಲ್ಪ. ತನ್ನದು ಅಂತ ಏನನ್ನೂ ಹೇಳದೆ ಎದುರಿನವನದ್ದನ್ನ ಕೆಡವೋದಷ್ಟೇ ಕೆಲಸ ಮಾಡ್ಕೊಂಡ್ರೆ ವಿತಂಡ. ನಾವು ಬೈಗುಳದ ಥರ ಬಳಸೋ ‘ವಿತಂಡವಾದ’ ಇದೇ.

ಸೋತದ್ದು ಯಾವಾಗ? ಅದಕ್ಕೂ ಪಟ್ಟಿ ಇದೆ, ನ್ಯಾಯಸೂತ್ರದಲ್ಲಿ 22 ‘ನಿಗ್ರಹಸ್ಥಾನ’ಗಳು. ಎಲ್ಲಾ ಹೇಳೋಕೆ ಹೋಗಲ್ಲ, ಎರಡು ಸಾಕು.

ಒಂದು, ಅನನುಭಾಷಣ. ಎದುರಾಳಿ ತನ್ನ ಮಾತನ್ನ ಮೂರು ಸಲ ಹೇಳಿದ, ಸಭೆಗೆ ಅರ್ಥ ಆಯ್ತು. ಆದ್ರೂ ನಿನಗೆ ಅದನ್ನ ತಿರುಗಿ ಹೇಳೋಕೆ ಬರಲಿಲ್ಲ. ನೀನು ಸೋತೆ. ಉತ್ತರ ಆಮೇಲೆ ಮಗಾ, ಮೊದಲು ಅವನು ಏನಂದ ಅಂತ ಹೇಳು.

ಇನ್ನೊಂದು, ಮತಾನುಜ್ಞಾ. ನಿನ್ನ ವಾದದಲ್ಲಿ ತಪ್ಪು ತೋರಿಸಿದ್ರು. ನೀನು ಅದನ್ನ ಸರಿ ಮಾಡದೆ ‘ನಿಮ್ಮದ್ರಲ್ಲೂ ಇದೇ ತಪ್ಪಿದೆ’ ಅಂದೆ. ಅಲ್ಲಿಗೆ ನಿನ್ನ ತಪ್ಪನ್ನ ನೀನೇ ಒಪ್ಪಿಕೊಂಡ ಹಾಗಾಯ್ತು. ಸೋಲು.

ಈಗ ನಮ್ಮ ಕ್ಲಾಸ್ ಗ್ರೂಪಿನ ಆ ರಾತ್ರಿಯ ಚಾಟ್ ತೆಗೆದು ನೋಡಿ. ‘ಅಗ್ರಹಾರಕ್ಕೆ ಎಲ್ಲರನ್ನೂ ಸೇರಿಸ್ತಿರಲಿಲ್ಲ’ ಅಂತ ನಾನು ಬರೆದೆ. ಬಂದ ಉತ್ತರ: ‘ಆಗಿನ ಯುರೋಪಲ್ಲಿ ಎಲ್ಲರನ್ನೂ ಸೇರಿಸ್ತಿದ್ರಾ?’ ಸೇರಿಸ್ತಿರಲಿಲ್ಲ ಗುರೂ. ಆದ್ರೆ ನೀನು ಯಾರನ್ನ ಹೊಗಳೋಕೆ ಹೊರಟಿದ್ದೀಯೋ ಅವರ ರೂಲಿನ ಪ್ರಕಾರವೇ ನೀನು ಔಟ್.

7/8

ಹಾಗಂತ ಆ ಸಭೆಗಳೆಲ್ಲ ಸತ್ಸಂಗ ಅಂದ್ಕೊಂಡ್ರೆ ಅದೂ ತಪ್ಪು. ಗೆದ್ದವನಿಗೆ ಜಯಪತ್ರ, ಬಿರುದು, ರಾಜನಿಂದ ಭೂಮಿ. ಅಷ್ಟು ದೊಡ್ಡ ಲಾಭ ಇರೋ ಕಡೆ ಜಲ್ಪ ಇರದೇ ಇರುತ್ತಾ?

ಶ್ರವಣಬೆಳಗೊಳದಲ್ಲಿ ಮಲ್ಲಿಷೇಣ ಪ್ರಶಸ್ತಿ ಅಂತ 1129ರ ಶಾಸನ ಇದೆ. ಜೈನ ಗುರುಗಳು ಗೆದ್ದ ವಾದಗಳನ್ನ ಅದು ಸಾಲಾಗಿ ಹೇಳುತ್ತೆ. ವಿಮಲಚಂದ್ರ ಅನ್ನೋರು ಅರಮನೆ ಬಾಗಿಲಿಗೇ ಸವಾಲಿನ ಪತ್ರ ಅಂಟಿಸಿದ್ರಂತೆ, ಶೈವರು, ಪಾಶುಪತರು, ಬೌದ್ಧರು, ಕಾಪಾಲಿಕರು, ಯಾರು ಬೇಕಾದ್ರೂ ಬನ್ನಿ ಅಂತ. ಜಯಸಿಂಹ ಚಾಲುಕ್ಯನ ರಾಜಧಾನಿಯಲ್ಲಿ ಮೆರೆದ ಮಹಾವಾದಿ ಅಂತ ವಾದಿರಾಜರನ್ನ ಅದು ಹೊಗಳುತ್ತೆ.

ಈಗ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಗೆ ಬನ್ನಿ. 1036ರ ಶಾಸನ, ಅದೇ ಜಯಸಿಂಹನ ಕಾಲದ್ದು. ಅಲ್ಲಿ ದಾನ ಪಡೆದವರು ಕಾಳಾಮುಖ ಶೈವ ಗುರು ಲಕುಲೀಶ್ವರ ಪಂಡಿತ, ವಾದಿ ರುದ್ರಗುಣ ಅಂತ ಬಿರುದು. ಅವರು ಸೋಲಿಸಿದವರು ಅಂತ ಕೊಟ್ಟಿರೋ ಹೆಸರುಗಳಲ್ಲಿ ವಾದಿರಾಜನೂ ಇದ್ದಾನೆ!

ಯಾರು ಗೆದ್ರು ಹಾಗಾದ್ರೆ? ಇಬ್ಬರೂ ತಮ್ಮ ತಮ್ಮ ಕಲ್ಲಲ್ಲಿ ಗೆದ್ದಿದ್ದಾರೆ. ಬ್ಯಾಟ್ಸ್‌ಮನ್ ಕೈಗೇ ಸ್ಕೋರ್ ಬುಕ್ ಕೊಟ್ರೆ ಆಗೋದು ಹೀಗೇ. ಅದಕ್ಕೇ ನಂಗೆ ಗೆಲುವಿನ ಪಟ್ಟಿ ಮೇಲೆ ನಂಬಿಕೆ ಕಡಿಮೆ, ದಾನದ ಪಟ್ಟಿ ಮೇಲೆ ಜಾಸ್ತಿ. ಹೊಗಳೋವಾಗ ಉಬ್ಬಿಸಿದ್ರೆ ಯಾರಿಗೂ ನಷ್ಟ ಇಲ್ಲ. ಭೂಮಿ ಅಳತೆ ಉಬ್ಬಿಸಿ ಬರೆದ್ರೆ ಪಕ್ಕದ ಹೊಲದವನು ಸುಮ್ಮನಿರಲ್ಲ.

ಕೆಲವು ಸಲ ವಾದ ವಾದವಾಗಿಯೇ ಉಳೀಲಿಲ್ಲ. ಹಾವೇರಿ ಜಿಲ್ಲೆ ಅಬ್ಬಲೂರಿನ ಶಾಸನ, ಸುಮಾರು 1200ರದ್ದು, ಏಕಾಂತದ ರಾಮಯ್ಯನ ಕಥೆ ಹೇಳುತ್ತೆ. ಶಿವ ದೊಡ್ಡೋನಾ ಜಿನ ದೊಡ್ಡೋನಾ ಅಂತ ಜೈನರ ಜೊತೆ ಪಂಥ. ತಲೆ ಕೊಯ್ದುಕೊಂಡು ಮತ್ತೆ ಪಡೀತೀನಿ, ಆಗ ನೀವು ಜಿನಬಿಂಬ ಒಡೆಯಬೇಕು ಅಂತ ಓಲೆಯಲ್ಲಿ ಬರೆಸಿಕೊಂಡನಂತೆ. ತಲೆ ವಾಪಸ್ ಬಂತು ಅಂತ ಶಾಸನ ಹೇಳುತ್ತೆ. ಅವರು ಒಪ್ಪಲಿಲ್ಲ, ಇವನೇ ಒಡೆದ. ದೂರು ಬಿಜ್ಜಳ ರಾಜನ ತನಕ ಹೋಯ್ತು, ರಾಮಯ್ಯನಿಗೇ ಜಯಪತ್ರ ಸಿಕ್ಕಿತು. ಇದರಲ್ಲಿ ಪೂರ್ವಪಕ್ಷ ಎಲ್ಲಿದೆ, ಸಿದ್ಧಾಂತ ಎಲ್ಲಿದೆ? ಒಡೆದ ವಿಗ್ರಹ ಮಾತ್ರ ಇದೆ. ‘ಪ್ರೀತಿಯಿಂದ ಚರ್ಚೆ ಮಾಡ್ತಿದ್ರು’ ಅನ್ನೋ ರೀಲಿಗೆ ಇದನ್ನ ಯಾರೂ ಹಾಕಲ್ಲ.

8/8

ಕೊನೇದಾಗಿ ನಾನು ಒತ್ತಬಹುದಾದ ಹಾರ್ಟ್ ಯಾವುದಕ್ಕೆ ಅಂತ ಹೇಳ್ತೀನಿ. ಅದೇ ಬಳ್ಳಿಗಾವೆಯ ಕೋಡಿಯ ಮಠ. 1162ರ ಶಾಸನ. ಬಿಜ್ಜಳ ಅಲ್ಲಿಗೆ ಬಂದಾಗಿನದ್ದು, ಆಗ ಮಠದ ಗುರು ವಾಮಶಕ್ತಿ ಪಂಡಿತದೇವ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟದಲ್ಲಿದೆ, ಬೇಕಾದೋರು ತೆಗೆದು ಓದಿ.

ಕಾಳಾಮುಖ ಶೈವರ ಮಠ ಅದು. ಅಲ್ಲಿ ನಾಲ್ಕು ವೇದ, ಲಾಕುಳ ಸಿದ್ಧಾಂತ, ಪುರಾಣ, ಕಾವ್ಯ, ನಾಟಕ ಎಲ್ಲಾ ಇತ್ತು. ವ್ಯಾಕರಣ ಒಂದಲ್ಲ, ಹಲವು. ಪಾಣಿನಿಯದ್ದೂ ಇದೆ, ಜೈನ ವಿದ್ವಾಂಸ ಶಾಕಟಾಯನನದ್ದೂ ಇದೆ. ದರ್ಶನಗಳ ಪಟ್ಟಿಯಲ್ಲಿ ನ್ಯಾಯ, ಮೀಮಾಂಸೆ, ಸಾಂಖ್ಯದ ಜೊತೆ ಬೌದ್ಧವೂ ಇದೆ. ಬೌದ್ಧರನ್ನ ಸುಟ್ಟುಬಿಡ್ತೀನಿ ಅನ್ನೋ ಧಾಟಿಯಲ್ಲಿ ಬಿರುದು ಹಾಕ್ಕೊಳ್ತಿದ್ದ ಪಂಥದವರೇ ಬೌದ್ಧ ದರ್ಶನ ಪಾಠ ಮಾಡಿಸ್ತಿದ್ರು. ಯಾಕಂದ್ರೆ ಅದನ್ನ ಸರಿಯಾಗಿ ಹೇಳೋಕೆ ಬರದಿದ್ರೆ ಸಭೆಯಲ್ಲಿ ಅನನುಭಾಷಣ ಆಗಿ ಮರ್ಯಾದೆ ಹೋಗ್ತಿತ್ತು.

ಇದೇ ಶಾಸನ ಊಟದ ವಿಷಯ ಬೇರೆಯಾಗಿ ಹೇಳುತ್ತೆ. ದಿಕ್ಕಿಲ್ಲದವರು, ಕುಂಟರು, ಕುರುಡರು, ಕಿವುಡರು, ಹಾಡೋರು, ಕುಣಿಯೋರು, ಎಲ್ಲ ಥರದ ಸನ್ಯಾಸಿಗಳು, ಎಲ್ಲರಿಗೂ ಅನ್ನ. ರೋಗಿಗಳಿಗೆ ಔಷಧಿ. ಊಟಕ್ಕೆ ಮಠದ ಬಾಗಿಲು ಇಷ್ಟು ಅಗಲ ಇತ್ತು, ಪಾಠಕ್ಕೆ ಅಷ್ಟು ಅಗಲ ಇತ್ತು ಅಂತ ಮಾತ್ರ ಆ ಕಲ್ಲು ಹೇಳಲ್ಲ. ಎರಡನ್ನೂ ಸೇರಿಸಿ ರೀಲ್ ಮಾಡಬೇಡಿ.

ಸಂಜಯನಗರದಲ್ಲಿ ಕೂತು ಬಳ್ಳಿಗಾವೆ ಕಥೆ ಯಾಕೆ ಅಂತ ಕೇಳೋರಿಗೆ: ಕಲ್ಲು ನೋಡೋಕೆ ಅಷ್ಟು ದೂರ ಹೋಗಬೇಕಿಲ್ಲ. ಪಕ್ಕದ ಹೆಬ್ಬಾಳದಲ್ಲೇ ಸುಮಾರು 750ರ ಕಿತ್ತಯ್ಯನ ವೀರಗಲ್ಲು ಸಿಕ್ಕಿದೆ. ಅದು ವಿದ್ಯೆಯದ್ದಲ್ಲ, ಯುದ್ಧದಲ್ಲಿ ಸತ್ತವನದ್ದು. ಭಾನುವಾರ ನಾನು ಹೋಗ್ತಿದ್ದೀನಿ, ಬರೋರು ಮೆಸೇಜ್ ಮಾಡಿ.

ಕಾಮೆಂಟ್ ಓಪನ್ ಇದೆ. ರೂಲ್ ಒಂದೇ. ಮೊದಲ ಸಾಲಲ್ಲಿ ನಾನು ಏನು ಹೇಳಿದೆ ಅಂತ ನಿಮ್ಮ ಮಾತಲ್ಲಿ ಬರೀರಿ. ಎರಡನೇ ಸಾಲಿಂದ ಬೈರಿ. ‘ಯುರೋಪಲ್ಲಿ’ ಅಂತ ಶುರು ಆದ್ರೆ ಔಟ್ ಅಂತ ರಿಪ್ಲೈ ಮಾಡಿ ಮುಂದೆ ಹೋಗ್ತೀನಿ.

#ಘಟಿಕಾಸ್ಥಾನ #ನಾಗಾವಿ #ಸಾಲೋಟಗಿ #ಬಳ್ಳಿಗಾವೆ #ಪೂರ್ವಪಕ್ಷ